ಬಣ್ಣ ಕೇಳುವ ಮುನ್ನ ಫೋಟೊ ಹೀಗೆ ತೆಗೆಯಿರಿ

ಗೆಳತಿಯರೇ, ಲಿಪ್‌ಸ್ಟಿಕ್, ಕುರ್ತಾ ಒಪ್ಪುತ್ತಾ ಅಂತ ಕೇಳುವ ಫೋಟೊವನ್ನು ಹಗಲು ಬೆಳಕಲ್ಲೇ ತೆಗೆಯಿರಿ. ನೇರ ಬಿಸಿಲು ಬೇಡ, ಕಿಟಕಿಗೆ ಮುಖ ಮಾಡಿ ನಿಂತರೆ ಸಾಕು. ದೀಪ, ಫಿಲ್ಟರ್ ಎರಡೂ ಆಫ್ ಇರಲಿ. ಕೆನ್ನೆಯ ಪಕ್ಕ ಬಿಳಿ ಹಾಳೆ ಹಿಡಿಯಲೇಬೇಕು.

ಮೊನ್ನೆ ಸಾಸಿವೆ ಹಳದಿ ಕುರ್ತಾ ಹಾಕಿ ತೆಗೆದಾಗ ನನ್ನ ಮುಖ ಬೂದಿ ಬಳಿದ ಹಾಗೆ ಕಾಣಿಸಿತು. ಈ ಬಣ್ಣ ನನಗಲ್ಲ ಅಂದುಕೊಂಡೆ. ನೋಡಿದರೆ ಹಾಳೆಯೂ ನೀಲಿಯಾಗಿತ್ತು! ಫ್ರೇಮ್ ತುಂಬಾ ಹಳದಿ ಇದ್ದುದಕ್ಕೆ ಕ್ಯಾಮೆರಾ ತಾನಾಗಿಯೇ ನೀಲಿ ಬೆರೆಸಿತ್ತು. ಕುರ್ತಾದ ಕತ್ತಿನ ಭಾಗ ಮಾತ್ರ ಕಾಣುವಂತೆ ಮತ್ತೆ ತೆಗೆದೆ. ಹಾಳೆ ಬಿಳಿಯಾಯಿತು, ಮುಖಕ್ಕೆ ಕಳೆ ಬಂತು. ಆಮೇಲೆ ಅದೇ ಜಾಗದಲ್ಲಿ ಲಿಪ್‌ಸ್ಟಿಕ್ ನೋಡಿದೆ. ಇಟ್ಟಿಗೆ ಕೆಂಪು ಚೆನ್ನಾಗಿ ಕೂತಿತು, ತಿಳಿ ಗುಲಾಬಿ ಮಾತ್ರ ಸುಣ್ಣ ಹಚ್ಚಿದ ಹಾಗೆ ಎದ್ದು ಕಂಡಿತು.