ಮಗಳಿಗೊಂದು ಪತ್ರ: ಇಪ್ಪತ್ತೆರಡು ಜನರ ಸಾಲು

ಟಿಳಕವಾಡಿ, ಬೆಳಗಾವಿ

ಚಿ. ಸೌ. ವಿದ್ಯಾಳಿಗೆ ನಿನ್ನ ಅಪ್ಪನ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ.

ನೀನು ಪುಣೆಯಿಂದ ಕಳಿಸಿದ ರೆಸ್ಯೂಮೆಯನ್ನೂ ಉದ್ಯಮಬಾಗದ ಫೌಂಡ್ರಿಯ ಜಾಹೀರಾತನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ನಿನ್ನೆ ರಾತ್ರಿ ಎರಡು ಸಲ ಓದಿದೆ. ಪರ್ಸೊನೆಲ್ ವಿಭಾಗದಲ್ಲಿ ಕುಳಿತು ಇಂಥ ಅರ್ಜಿಗಳನ್ನು ವರ್ಷಗಟ್ಟಲೆ ವಿಂಗಡಿಸಿದವನಾದ್ದರಿಂದ ಹೇಳುತ್ತೇನೆ, ಈ ರೆಸ್ಯೂಮೆ ಈಗಿರುವಂತೆಯೇ ಹೋದರೆ ಅದನ್ನು ಬೇಡವೆಂದು ಪಕ್ಕಕ್ಕೆ ಸರಿಸುವವರಲ್ಲಿ ನಾನೂ ಒಬ್ಬನಾಗಿರುತ್ತಿದ್ದೆ.

ಮೊದಲು ಜಾಹೀರಾತನ್ನು ನೋಡು. ಅವರು ಕೇಳಿರುವುದು ಐದರಿಂದ ಎಂಟು ವರ್ಷದ ಅನುಭವವಿರುವ ಕ್ವಾಲಿಟಿ ಎಂಜಿನಿಯರ್. ನಿನಗಿರುವುದು ಹದಿನಾಲ್ಕು ವರ್ಷ, ಅದರಲ್ಲಿ ಕೊನೆಯ ಆರು ವರ್ಷ ಕ್ವಾಲಿಟಿ ಮ್ಯಾನೇಜರ್ ಹುದ್ದೆ. ಆದರೆ ವರ್ಷಗಳ ಅಂತರಕ್ಕಿಂತ ನಾನು ಮುಖ್ಯವೆಂದು ಎಣಿಸುವುದು ಅದರ ಕೆಳಗಿನ ಸಾಲುಗಳನ್ನು. ಎರಕದ ತಿರಸ್ಕಾರ ಕಡಿಮೆ ಮಾಡುವುದು, ಗ್ರಾಹಕರ ದೂರುಗಳಿಗೆ 8D ವರದಿ ಬರೆಯುವುದು, ಹೊಸ ಬಿಡಿಭಾಗಗಳ PPAP ಕಡತ ಸಿದ್ಧಪಡಿಸುವುದು, ಕ್ವಾಲಿಟಿ ಮುಖ್ಯಸ್ಥರಿಗೆ ವರದಿ ಒಪ್ಪಿಸುವುದು ಎಂದಿದೆ. ತಂಡ, ಬಜೆಟ್, ನೇಮಕಾತಿ ಎಂಬ ಮಾತೇ ಇಲ್ಲ. ಅಂದರೆ ಅವರಿಗೆ ಬೇಕಾಗಿರುವುದು ಕೈಯಿಂದ ಕೆಲಸ ಮಾಡುವವರು. ಇದು ನೀನು ತಲುಪಬಹುದಾದ ಅಂತರ. ತರಬೇತಿ ಎಂಜಿನಿಯರ್ ಹುದ್ದೆಗೋ ಎರಡು ವರ್ಷದೊಳಗಿನ ಅನುಭವ ಕೇಳಿದ್ದಕ್ಕೋ ಅರ್ಜಿ ಹಾಕುವ ಯೋಚನೆಯಿದ್ದರೆ ಬಿಟ್ಟುಬಿಡು. ಅಲ್ಲಿ ಯಾವ ತಿದ್ದುಪಡಿಯೂ ನಡೆಯುವುದಿಲ್ಲ.

ಹೆಚ್ಚು ಅನುಭವದವರ ಅರ್ಜಿ ಬಂದಾಗ ನಮ್ಮ ಮನಸ್ಸಿನಲ್ಲಿ ಮೂಡುತ್ತಿದ್ದ ಅನುಮಾನಗಳು ನಾಲ್ಕು: ಒಳ್ಳೆಯ ಹುದ್ದೆ ಸಿಕ್ಕೊಡನೆ ಬಿಟ್ಟುಹೋಗುತ್ತಾರೆ, ಸಂಬಳ ಹೆಚ್ಚು ಕೇಳುತ್ತಾರೆ, ವಯಸ್ಸಿನಲ್ಲಿ ಚಿಕ್ಕವರಾದ ಮೇಲಧಿಕಾರಿಯ ಮಾತು ಕೇಳುವುದಿಲ್ಲ, ಶಾಪ್ ಫ್ಲೋರಿಗೆ ಇಳಿದು ವರ್ಷಗಳಾಗಿರುತ್ತವೆ. ಕೊನೆಯದನ್ನು ರೆಸ್ಯೂಮೆಯೇ ಕಳೆಯಬಲ್ಲದು, ಉಳಿದ ಮೂರನ್ನು ಜೊತೆಗಿನ ಪತ್ರ ಕಳೆಯಬೇಕು.

ನಿನ್ನ ರೆಸ್ಯೂಮೆಯ ಮೊದಲ ಸಾಲನ್ನೇ ತೆಗೆದುಕೋ. "22 ಜನರ ಕ್ವಾಲಿಟಿ ತಂಡದ ನೇತೃತ್ವ, ವಿಭಾಗದ ವಾರ್ಷಿಕ ಬಜೆಟ್ ಮತ್ತು ಪ್ರಮಾಣಪತ್ರ ಆಡಿಟ್‌ಗಳ ಹೊಣೆ" ಎಂದಿದೆ. ಹೆಮ್ಮೆಯ ಸಾಲೇ ಸರಿ, ಆದರೆ ಉದ್ಯಮಬಾಗದವರ ಕಣ್ಣಿಗೆ ಅದು ಬೇರೆ ಕೆಲಸದ ಸಾಲು. ಅದೇ ಕಾಲದಲ್ಲಿ ನೀನು ಪಂಪ್ ಹೌಸಿಂಗ್ ಎರಕದ ಬ್ಲೋ ಹೋಲ್ ತೊಂದರೆಯನ್ನು ಬಿಡಿಸಿದ್ದನ್ನು ಫೋನಿನಲ್ಲಿ ನನಗೆ ಹೇಳಿದ್ದೆಯಲ್ಲ, ಅದು ಎರಡನೆಯ ಪುಟದಲ್ಲೂ ಇಲ್ಲ. ಹೀಗೆ ಬರೆದರೆ ಹೇಗಿರುತ್ತದೆ ನೋಡು: "ಹಸಿ ಮರಳಿನ ಅಚ್ಚಿನಲ್ಲಿ ಮರಳಿನ ತೇವಾಂಶ ಹೆಚ್ಚಾಗಿ ಅನಿಲ ಹೊರಹೋಗದೆ ಬ್ಲೋ ಹೋಲ್ ಆಗುತ್ತಿದ್ದುದನ್ನು ಪಾಳಿವಾರು ಮರಳು ಪರೀಕ್ಷೆಯಿಂದ ಪತ್ತೆಹಚ್ಚಿ, ತೇವಾಂಶ ಹಾಗೂ ಪರ್ಮಿಯಬಿಲಿಟಿಗೆ ಮಿತಿ ನಿಗದಿಪಡಿಸಿದೆ, ನಾಲ್ಕು ತಿಂಗಳಲ್ಲಿ ತಿರಸ್ಕಾರ ಶೇ 9ರಿಂದ ಶೇ 4ಕ್ಕೆ ಇಳಿಯಿತು." ಇಲ್ಲಿ ಸುಳ್ಳಿಲ್ಲ, ಬಡಿವಾರವೂ ಇಲ್ಲ. ಓದುವವರಿಗೆ ಮರಳಿನ ವಾಸನೆ ಬರಬೇಕು, ಅಷ್ಟೇ.

ತಂಡದ ಸಾಲನ್ನು ಪೂರ್ತಿ ಅಳಿಸಬೇಡ. ನೀನು ಮ್ಯಾನೇಜರ್ ಆಗಿದ್ದುದು ಹುದ್ದೆಯ ಹೆಸರಿನಲ್ಲೇ ಕಾಣುತ್ತದೆ; ಅದರ ಕೆಳಗೆ ಕಿರಿಯರ ಕೆಲಸ ಮಾತ್ರವೇ ಇದ್ದರೆ ಈಕೆ ಏನನ್ನು ಮುಚ್ಚಿಡುತ್ತಿದ್ದಾಳೆ ಎಂಬ ಪ್ರಶ್ನೆ ಏಳುತ್ತದೆ. ಆ ಹುದ್ದೆಯ ಕೊನೆಯ ಸಾಲಾಗಿ "ತಂಡದ ಮೇಲ್ವಿಚಾರಣೆಯೂ ಇತ್ತು" ಎಂದಿದ್ದರೆ ಸಾಕು. ಅದಕ್ಕಿಂತ ಮುಂಚೆ ಕ್ವಾಲಿಟಿ ಎಂಜಿನಿಯರ್ ಆಗಿ ಕಳೆದ ಐದು ವರ್ಷಗಳಿಗೆ ನೀನು ಎರಡೇ ಸಾಲು ಕೊಟ್ಟಿದ್ದೀಯ, ಆದರೆ ಈಗ ಅವರು ಕೇಳುತ್ತಿರುವ ಕೆಲಸವನ್ನೇ ನೀನು ಆ ಐದು ವರ್ಷ ಮಾಡಿದ್ದು. ಅಲ್ಲಿಗೆ ಆರೇಳು ಸಾಲು ಕೊಡು. ಜಾಹೀರಾತಿನಲ್ಲಿರುವ ಶಬ್ದಗಳನ್ನು, ನೀನು ನಿಜವಾಗಿಯೂ ಮಾಡಿದ ಕೆಲಸಕ್ಕೆ ಹೊಂದುವಷ್ಟು ಮಟ್ಟಿಗೆ, ಹಾಗೆಯೇ ಬಳಸು. PPAP, IATF 16949 ಎಂಬ ಪದಗಳನ್ನು ಹುಡುಕಿಯೇ ಅರ್ಜಿ ಆರಿಸುವವರಿದ್ದಾರೆ. ದೊಡ್ಡಸ್ತಿಕೆ ಕಡಿಮೆ ಮಾಡುವ ಭರದಲ್ಲಿ ಅವನ್ನೂ ಅಳಿಸಿದರೆ ಪಟ್ಟಿಗೇ ಬರುವುದಿಲ್ಲ. ಮೊದಲ ಮೂರು ವರ್ಷದ ಮಷಿನ್ ಶಾಪ್ ಕೆಲಸವನ್ನು ಒಂದೇ ಸಾಲಿಗೆ ಇಳಿಸು, ಇಸವಿಗಳು ಮಾತ್ರ ಇರಲಿ. ಕತ್ತರಿಸುವುದಿದ್ದರೆ ಹಳೆಯ ತುದಿಯಿಂದಲೇ ಕತ್ತರಿಸಬೇಕು. ನಡುವಿನದನ್ನು ಬಿಟ್ಟರೆ ಖಾಲಿ ಜಾಗ ಎದ್ದು ಕಾಣುತ್ತದೆ.

ಹುದ್ದೆಯ ಹೆಸರನ್ನು ಮಾತ್ರ ಮುಟ್ಟಬೇಡ. ನಿನ್ನ ಗೆಳತಿ "ಮ್ಯಾನೇಜರ್ ತೆಗೆದು ಎಂಜಿನಿಯರ್ ಎಂದು ಹಾಕು, ಯಾರು ನೋಡುತ್ತಾರೆ" ಎಂದಳಂತೆ. ರಿಲೀವಿಂಗ್ ಪತ್ರದಲ್ಲಿ ಹುದ್ದೆ ಅಚ್ಚಾಗಿರುತ್ತದೆ, ಪಿಎಫ್‌ನ ಯುಎಎನ್ ಖಾತೆಯಲ್ಲಿ ಯಾವ ಕಂಪನಿಯಲ್ಲಿ ಎಂದಿನಿಂದ ಎಂದಿನವರೆಗೆ ಎಂಬುದಿರುತ್ತದೆ. ರೆಸ್ಯೂಮೆ ಆಯ್ದ ಭಾಗಗಳ ಕಾಗದ, ಅಲ್ಲಿ ಬಿಡುವುದು ತಪ್ಪಲ್ಲ. ಆದರೆ ಕಂಪನಿಯ ಅರ್ಜಿ ನಮೂನೆಯಲ್ಲಿ ಸಹಿ ಹಾಕಿ ಕೊಡುವ ಉದ್ಯೋಗ ವಿವರ ಪೂರ್ಣವಾಗಿರಲೇಬೇಕು. ನಾನಿದ್ದ ಕಡೆ ಒಬ್ಬರ ಕೆಲಸ ಹೋದದ್ದು ಇದೇ ಕಾರಣಕ್ಕೆ, ಸೇರಿ ಎರಡು ತಿಂಗಳಾದ ಮೇಲೆ. ಹುದ್ದೆ ಬದಲಿಸುವ ಅಗತ್ಯವೂ ಇಲ್ಲ. ಹೆಸರಿನ ಕೆಳಗಿನ ತಲೆಸಾಲು ನಿನ್ನ ಹಳೆಯ ಹುದ್ದೆಯೇ ಆಗಿರಬೇಕೆಂದೇನಿಲ್ಲ. "ಎರಕ ಮತ್ತು ಮಷಿನಿಂಗ್ ಗುಣಮಟ್ಟ: ದೋಷ ವಿಶ್ಲೇಷಣೆ, PPAP, ಗ್ರಾಹಕ ದೂರು" ಎಂದು ಕೆಲಸವನ್ನೇ ಬರೆ.

ನೀನು ನೌಕ್ರಿ ಜಾಲತಾಣದ ಮೂಲಕವೇ ಕಳಿಸುತ್ತೇನೆ ಎಂದಿದ್ದೆ. ಅಲ್ಲಿ ಒಟ್ಟು ಅನುಭವವನ್ನೂ ಸಂಬಳವನ್ನೂ ತುಂಬಬೇಕು. ಹುಡುಕುವವರು ಐದರಿಂದ ಎಂಟು ಎಂದು ಮಿತಿ ಹಾಕಿದರೆ ಹದಿನಾಲ್ಕರ ನಿನ್ನ ಹೆಸರು ಅವರ ಪರದೆಗೇ ಬರದಿರಬಹುದು, ರೆಸ್ಯೂಮೆ ಎಷ್ಟು ಚೆನ್ನಾಗಿದ್ದರೂ ಅದು ತೆರೆಯುವುದಿಲ್ಲ. ಅಲ್ಲಿ ಎಂಟು ಎಂದು ಸುಳ್ಳು ತುಂಬುವ ಬದಲು ಫೌಂಡ್ರಿಯ ಕ್ವಾಲಿಟಿ ಮುಖ್ಯಸ್ಥರಿಗೇ ನೇರವಾಗಿ ಇಮೇಲ್ ಮಾಡು. ಈ ಊರಿನಲ್ಲಿ ಫೌಂಡ್ರಿಯವರಿಗೆ ಫೌಂಡ್ರಿಯವರು ಗೊತ್ತು. ಪರಿಚಯದವರು ಒಂದು ಮಾತು ಹೇಳಿ ಕಾಗದ ಮುಂದಿಡುವುದು ಇಲ್ಲಿ ಇನ್ನೂ ನಡೆಯುತ್ತದೆ, ಆ ಕೆಲಸ ನನಗೆ ಬಿಡು.

ಜೊತೆಗಿನ ಪತ್ರ ಆರು ಸಾಲು ಮೀರದಿರಲಿ. ಬೆಳಗಾವಿಯಲ್ಲಿ ಕಾಯಂ ನೆಲೆಸಲು ಬರುತ್ತಿರುವೆ ಎಂಬುದು ಒಂದು ಸಾಲು. ಅಳಿಯಂದಿರ ನೌಕರಿ, ಮಗುವಿನ ಶಾಲೆ ಇವೆಲ್ಲ ಬೇಡ. ಮೇಲ್ವಿಚಾರಣೆಯಿಂದ ಮತ್ತೆ ದೋಷ ವಿಶ್ಲೇಷಣೆಯ ಕೆಲಸಕ್ಕೆ ಬರುವುದು ನಿನ್ನದೇ ಆಯ್ಕೆ ಎಂಬುದು ಇನ್ನೊಂದು. ಸಂಬಳದ ಬಗ್ಗೆ ಈ ಹುದ್ದೆಯ ಮಿತಿಯೊಳಗೆ ಒಪ್ಪಿಗೆಯಿದೆ ಎಂದು ಬರೆ, ಆದರೆ ನಿಜವಾಗಿ ಒಪ್ಪಿಗೆಯಿದ್ದರೆ ಮಾತ್ರ. ಇದನ್ನು ನೀವಿಬ್ಬರೂ ಕುಳಿತು ಲೆಕ್ಕ ಹಾಕಿದ್ದೀರೋ ಇಲ್ಲವೋ ಎಂದು ನಿನ್ನ ತಾಯಿ ನನ್ನನ್ನು ಕೇಳುತ್ತಿದ್ದಾಳೆ. "ಯಾವ ಕೆಲಸವಾದರೂ ಸರಿ" ಎಂಬರ್ಥದ ಸಾಲು ಎಲ್ಲಿಯೂ ಬರಬಾರದು; ಹಾಗೆ ಬರೆದವರನ್ನು ನಾವು ಬೇರೆ ಕೆಲಸ ಸಿಗುವವರೆಗೆ ಕಾಯುವವರು ಎಂದೇ ಓದುತ್ತಿದ್ದೆವು.

ತಿದ್ದಿದ ಪ್ರತಿಯನ್ನು ಗುರುವಾರದೊಳಗೆ ಕಳಿಸು. ನಾನು ಮೊದಲ ಪುಟದ ಮೇಲಿನ ಅರ್ಧವನ್ನಷ್ಟೇ ಓದುತ್ತೇನೆ, ಕಚೇರಿಯಲ್ಲಿ ಓದುತ್ತಿದ್ದಂತೆ. ಅಷ್ಟರಲ್ಲಿ ಮರಳು, ಬ್ಲೋ ಹೋಲ್, 8D ಕಣ್ಣಿಗೆ ಬಿದ್ದು ಇಪ್ಪತ್ತೆರಡು ಜನ ಬೀಳದಿದ್ದರೆ ಶುಕ್ರವಾರ ಬೆಳಿಗ್ಗೆ ಉದ್ಯಮಬಾಗಕ್ಕೆ ಹೋಗಿ ಬರುತ್ತೇನೆ.

ಇತಿ ನಿನ್ನ
ಅಪ್ಪ