ಕಾರ್ಯದರ್ಶಿ ‘ಕಾಯರ್ದಶಿರ್’ ಆಗದಂತೆ ನೋಡಿಕೊಳ್ಳಿ: ಇ-ಆಡಳಿತದ ಹೊಣೆ ಹೊತ್ತ ಸಚಿವರಿಗೆ ಬಹಿರಂಗ ಪತ್ರ

ಕರ್ನಾಟಕ ಸರ್ಕಾರದಲ್ಲಿ ಇ-ಆಡಳಿತದ ಹೊಣೆ ಹೊತ್ತಿರುವ ಮಾನ್ಯ ಸಚಿವರಿಗೆ ನಮಸ್ಕಾರಗಳು.

ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕನ್ನಡ ಕಡತಗಳನ್ನು ಯುನಿಕೋಡ್‌ಗೆ ತರುವ ಕೆಲಸ ಮಾಡುವವನು ನಾನು. ಸರ್ಕಾರಿ ಆದೇಶ, ಸುತ್ತೋಲೆ, ನಡಾವಳಿಗಳ ಪಿಡಿಎಫ್‌ಗಳಲ್ಲಿ ಇಂದಿಗೂ ಬಹಳಷ್ಟು ಈ ಹಳೆಯ ಫಾಂಟುಗಳಲ್ಲೇ ಇವೆ. ಪರದೆಯ ಮೇಲೆ ‘ಕಾರ್ಯದರ್ಶಿ’ ಎಂದು ಸೊಗಸಾಗಿ ಕಾಣುವ ಪದವನ್ನು ಕಾಪಿ ಮಾಡಿ ಬೇರೆಡೆ ಅಂಟಿಸಿದರೆ ಬರುವುದು `PÁAiÀÄðzÀ²ð`. ಈ ಗೋಜಲು ತಮಗೂ ಪರಿಚಿತವೇ ಇರಬೇಕು. ಆದರೆ ನಾನು ಬರೆಯುತ್ತಿರುವುದು ಮುಖ್ಯವಾಗಿ ಇದರ ಬಗ್ಗೆ ಅಲ್ಲ, ಇದನ್ನು ಸರಿಪಡಿಸುವ ಹೆಸರಿನಲ್ಲಿ ಆಗುತ್ತಿರುವ ಹಾನಿಯ ಬಗ್ಗೆ.

ಮೊದಲು, ಹೀಗೇಕೆ ಆಗುತ್ತದೆ ಎಂಬುದು. ಹಳೆಯ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಜಾಗದಲ್ಲಿ ಕನ್ನಡ ಅಕ್ಷರದ ತುಂಡುಗಳ ಚಿತ್ರ ಇಟ್ಟಿವೆ. ಕಡತದಲ್ಲಿ ಇರುವುದು P, À, Á ಇಂಥವೇ; ಫಾಂಟ್ ಅವಕ್ಕೆ ಕನ್ನಡದ ವೇಷ ತೊಡಿಸುತ್ತದೆ. ಕಾಪಿ ಮಾಡಿದಾಗ ವೇಷ ಕಳಚುತ್ತದೆ. ಯುನಿಕೋಡ್‌ನಲ್ಲಿ ಹಾಗಲ್ಲ. ಅಲ್ಲಿ U+0C80ರಿಂದ U+0CFFವರೆಗಿನ ಜಾಗ ಕನ್ನಡಕ್ಕೇ ಮೀಸಲು, ‘ಕ’ ಎಲ್ಲಿ ಹೋದರೂ ‘ಕ’.

ಹಾಗಾದರೆ ಒಂದೊಂದು ತುಂಡಿನ ಬದಲು ಒಂದೊಂದು ಕನ್ನಡ ಅಕ್ಷರ ಹಾಕುತ್ತಾ ಹೋದರೆ ಆಯಿತಲ್ಲವೇ ಎಂದು ಯಾರಿಗಾದರೂ ಅನಿಸುತ್ತದೆ. ಅಗ್ಗದ ಪರಿವರ್ತಕಗಳು ಮಾಡುವುದೂ ಅದನ್ನೇ. ಮೇಲಿನ ಪದವನ್ನೇ ಬಿಡಿಸಿ ನೋಡೋಣ. `PÁ` ಎಂದರೆ ಕಾ, `AiÀÄ` ಎಂದರೆ ಯ, `ð` ಎಂದರೆ ಅರ್ಕಾವತ್ತು, `zÀ` ಎಂದರೆ ದ, `²` ಎಂದರೆ ಶಿ, ಕೊನೆಗೆ ಮತ್ತೊಂದು ಅರ್ಕಾವತ್ತು. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಜಾಗದಲ್ಲೇ, ಅಂದರೆ ಅಕ್ಷರದ ನಂತರ, ಕೂತಿರುತ್ತದೆ. ಯುನಿಕೋಡ್ ಬರೆಯುವುದು ಉಚ್ಚಾರಣೆಯ ಕ್ರಮದಲ್ಲಿ: ಮೊದಲು ರ್, ಆಮೇಲೆ ಯ. ಇದ್ದಲ್ಲೇ ಬದಲಿಸಿದರೆ ಸಿಗುವುದು ‘ಕಾಯರ್ದಶಿರ್’. ಇದೇ ರೀತಿ ಸರ್ಕಾರ ‘ಸಕಾರ್ರ’ ಆಗುತ್ತದೆ, ಕರ್ನಾಟಕ ‘ಕನಾರ್ಟಕ’ ಆಗುತ್ತದೆ. ರಾಜ್ಯದ ಹೆಸರೇ ಹೀಗೆ ಕೆಟ್ಟಿರುವ ಪುಟಗಳನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಸರಿಯಾದ ಪರಿವರ್ತಕ ಅರ್ಕಾವತ್ತು ಕಂಡೊಡನೆ ಹಿಂದಕ್ಕೆ ಸರಿದು, ಒತ್ತಕ್ಷರ, ಸ್ವರಚಿಹ್ನೆ ಎಲ್ಲವನ್ನೂ ದಾಟಿ, ಆ ಇಡೀ ಅಕ್ಷರದ ಮೊದಲಿಗೆ ರ್ ಇಡಬೇಕು. ‘ಸಾಮರ್ಥ್ಯ’ ಇದಕ್ಕೆ ಒಳ್ಳೆಯ ಪರೀಕ್ಷೆ, ಏಕೆಂದರೆ ಅಲ್ಲಿ ಥ ಮಾತ್ರವಲ್ಲ, ಅದರ ಯ ಒತ್ತನ್ನೂ ದಾಟಬೇಕು. ಒತ್ತಕ್ಷರಗಳದ್ದೂ ಹೀಗೆಯೇ ಒಂದು ತೊಡಕು. ‘ಕ್ರಿ’ ಹಳೆಯ ಫಾಂಟಿನಲ್ಲಿ `Qæ`, ಅಂದರೆ ಮೊದಲು ಗುಡಿಸು ಸಮೇತ ಕಿ, ನಂತರ ರ ಒತ್ತು. ಯುನಿಕೋಡ್‌ನಲ್ಲಿ ಒತ್ತು ಮೊದಲು, ಗುಡಿಸು ಕೊನೆಗೆ.

ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮ. `ªÀ` ಎಂದರೆ ವ, `Ä` ಎಂದರೆ ಕೊಂಬು, ಆದರೆ `ªÀÄ` ಮೂರೂ ಸೇರಿದರೆ ಮ. ಉದ್ದದ ಜೋಡಣೆಯನ್ನು ಮೊದಲು ಹುಡುಕದ ಪರಿವರ್ತಕ ‘ಮನೆ’ಯನ್ನು ‘ವುನೆ’ ಮಾಡುತ್ತದೆ. ಓದುವವರ ಕಣ್ಣು ಬೇಗ ಜಾರಿದರೆ ಎರಡರ ನಡುವೆ ವ್ಯತ್ಯಾಸವೇ ತಿಳಿಯುವುದಿಲ್ಲ.

ಇದೇ ಕಾರಣಕ್ಕೆ ಅರೆಬೆಂದ ಪರಿವರ್ತನೆ ಗೋಜಲಿಗಿಂತ ಕೆಟ್ಟದ್ದು ಎನ್ನುತ್ತೇನೆ. `PÁAiÀÄðzÀ²ð` ಕಂಡವರಿಗೆ ಏನೋ ಕೆಟ್ಟಿದೆ ಎಂದು ತಕ್ಷಣ ಗೊತ್ತಾಗುತ್ತದೆ, ಮತ್ತು ಅದರಿಂದ ಮೂಲವನ್ನು ಪೂರ್ತಿಯಾಗಿ ಮರಳಿ ಪಡೆಯಬಹುದು. ‘ವುನೆ’ ಸದ್ದಿಲ್ಲದೆ ದಾಖಲೆಯೊಳಗೆ ಸೇರುತ್ತದೆ, ಹುಡುಕಿದರೆ ಸಿಗುವುದಿಲ್ಲ. ತಪ್ಪನ್ನು ಕೈಯಿಂದ ತಿದ್ದಲು ಹೋದವರು ಮತ್ತೊಂದು ತಪ್ಪು ಸೇರಿಸುವುದೂ ಉಂಟು: ಅರ್ಕಾವತ್ತು ಬರಿಸುವ ಬಗೆ ತಿಳಿಯದೆ, ಅದರಂತೆಯೇ ಕಾಣುವ ಕನ್ನಡದ ಒಂಬತ್ತು, ಅಂದರೆ ೯, ಒತ್ತಿಬಿಡುತ್ತಾರೆ. ‘ಕಾಯ೯ದಶಿ೯’ ಕಣ್ಣಿಗೆ ಸರಿಯೇ, ಕಂಪ್ಯೂಟರಿಗೆ ಅದು ಅಂಕಿ. ಪರದೆ ಓದುವ ತಂತ್ರಾಂಶವನ್ನು ನೆಚ್ಚಿಕೊಂಡಿರುವ ದೃಷ್ಟಿದೋಷವುಳ್ಳ ಓದುಗರಿಗೆ ಪದದ ನಡುವೆ ಒಂಬತ್ತು ಕೇಳಿಸುತ್ತದೆ. ಇದನ್ನು ಪತ್ತೆ ಹಚ್ಚುವುದು ಕಷ್ಟವೇನಲ್ಲ. ಅಕ್ಷರಕ್ಕೆ ಅಂಟಿಕೊಂಡ ಒಂಬತ್ತನ್ನು ಒಂದೇ ಸಾಲಿನ ಈ ಹುಡುಕುವ ಸೂತ್ರ, ಅಂದರೆ ರೆಗ್ಯುಲರ್ ಎಕ್ಸ್‌ಪ್ರೆಶನ್, ಹಿಡಿದುಕೊಡುತ್ತದೆ:

```
[\u0C85-\u0CCC]\u0CEF
```

ಇನ್ನು ಪರಿವರ್ತಕ ಎಷ್ಟೇ ಜಾಣವಾಗಿದ್ದರೂ ದಾಟಲಾಗದ ಮಿತಿಯೊಂದಿದೆ. ನಮ್ಮ ಆದೇಶಗಳಲ್ಲಿ ಕನ್ನಡದ ನಡುವೆ ಇಂಗ್ಲಿಷ್ ಪದಗಳು ಬೇರೆ ಫಾಂಟಿನಲ್ಲಿ ಇರುತ್ತವೆ. ಬರಿಯ ಪಠ್ಯವಾಗಿ ಕಾಪಿ ಮಾಡಿದಾಗ ಫಾಂಟಿನ ಮಾಹಿತಿ ಕಳೆದುಹೋಗುತ್ತದೆ. ಆಗ `NOC` ಎಂಬ ಇಂಗ್ಲಿಷ್ ಅಕ್ಷರಗಳೂ ಕನ್ನಡದ ತುಂಡುಗಳೆಂದೇ ಲೆಕ್ಕವಾಗಿ ‘ಓಔಅ’ ಆಗುತ್ತವೆ. ಇದಕ್ಕಿರುವ ಒಳ್ಳೆಯ ಮದ್ದು: ಮೂಲ ವರ್ಡ್ ಕಡತವನ್ನೇ ಹಿಡಿದು, ಪ್ರತಿ ತುಣುಕು ಯಾವ ಫಾಂಟಿನಲ್ಲಿದೆ ಎಂದು ನೋಡಿ, ಹಳೆಯ ಕನ್ನಡ ಫಾಂಟಿನಲ್ಲಿ ಇರುವುದನ್ನು ಮಾತ್ರ ಬದಲಿಸುವುದು. ಫಾಂಟಿನ ಹೆಸರು ತಿಳಿಯುವುದು ಇನ್ನೊಂದು ಕಾರಣಕ್ಕೂ ಅಗತ್ಯ. ನುಡಿಯ ಸಂಕೇತಗಳಿಗೂ ಶ್ರೀಲಿಪಿ, ಆಕೃತಿ ಎಂಬ ಬೇರೆ ತಂತ್ರಾಂಶಗಳ ಸಂಕೇತಗಳಿಗೂ ಹೊಂದಿಕೆಯಿಲ್ಲ. ಒಂದರ ಪಟ್ಟಿಯನ್ನು ಇನ್ನೊಂದಕ್ಕೆ ಹಚ್ಚಿದರೆ ಬರುವುದು ಹೊಸದೊಂದು ಗೋಜಲು. ಪಿಡಿಎಫ್ ಮಾತ್ರ ಉಳಿದಿದ್ದರೆ ಅದರ ಪ್ರಾಪರ್ಟೀಸ್‌ನ ಫಾಂಟ್ ಪಟ್ಟಿಯಲ್ಲಿ ಹೆಸರು ಸಾಮಾನ್ಯವಾಗಿ ಕಾಣಿಸುತ್ತದೆ.

ಮಾನ್ಯರೇ, ಮಾಹಿತಿ ಹಕ್ಕು ಕಾಯ್ದೆ, 2005ರ ಸೆಕ್ಷನ್ 4(1)(ಎ) ದಾಖಲೆಗಳನ್ನು ಸೂಚಿಯ ಸಮೇತ ವ್ಯವಸ್ಥಿತವಾಗಿ ಇಡಬೇಕೆಂದೂ, ತಕ್ಕವನ್ನು ಗಣಕೀಕರಿಸಬೇಕೆಂದೂ ಪ್ರತಿ ಸಾರ್ವಜನಿಕ ಪ್ರಾಧಿಕಾರಕ್ಕೆ ಹೇಳುತ್ತದೆ. ಹುಡುಕಿದರೆ ಸಿಗದ ಪಠ್ಯಕ್ಕೆ ಸೂಚಿ ಮಾಡುವುದಾದರೂ ಹೇಗೆ? ಆದ್ದರಿಂದ ಹಳೆಯ ಕಡತಗಳ ಪರಿವರ್ತನೆಯನ್ನು ಯಾರಿಗಾದರೂ ವಹಿಸುವ ಮುನ್ನ ಟೆಂಡರಿನ ಷರತ್ತಿನಲ್ಲೇ ಕೆಲವು ಮಾತು ಸೇರಿಸಿ ಎಂದು ಕೋರುತ್ತೇನೆ. ಪುಟಕ್ಕಿಷ್ಟು ಎಂದು ಹಣ ಕೊಡುವ ಮೊದಲು, ಅರ್ಕಾವತ್ತು, ಒತ್ತಕ್ಷರ, ಮ ಮತ್ತು ಯ ಇರುವ ಪದಗಳ ಒಂದು ಪರೀಕ್ಷಾ ಪಟ್ಟಿಯನ್ನು ಇಲಾಖೆಯೇ ಸಿದ್ಧಪಡಿಸಿ ಅದರ ಮೇಲೆ ಪರಿವರ್ತಕವನ್ನು ಓಡಿಸಿ ನೋಡಲಿ. ಪರಿವರ್ತಿಸಿದ ಪಠ್ಯವನ್ನು ಮತ್ತೆ ಹಳೆಯ ಸಂಕೇತಕ್ಕೆ ತಿರುಗಿಸಿ, ಮೂಲದೊಂದಿಗೆ ಹೋಲಿಸಿ, ವ್ಯತ್ಯಾಸ ಬಂದ ಸಾಲುಗಳನ್ನು ಕನ್ನಡ ಬಲ್ಲ ವ್ಯಕ್ತಿಯೊಬ್ಬರು ಓದಲಿ. ಮೂಲ ಕಡತವನ್ನು, ಅದರ ಫಾಂಟ್ ಸಮೇತ, ಅಳಿಸದೆ ಪಕ್ಕದಲ್ಲೇ ಇಡಲಿ. ಇಂದು ನುಸುಳಿದ ತಪ್ಪು ಹತ್ತು ವರ್ಷದ ನಂತರ ಕಂಡರೂ ಆಗ ತಿದ್ದಬಹುದು.

ಹೊಸ ಆದೇಶಗಳನ್ನಂತೂ ಯುನಿಕೋಡ್‌ನಲ್ಲೇ ಟೈಪ್ ಮಾಡಿಸಿ. ಆದರೂ ಪಿಡಿಎಫ್ ಒಂದನ್ನೇ ಪ್ರಕಟಿಸಿ ನಿಲ್ಲಬೇಡಿ. ಯುನಿಕೋಡ್‌ನಲ್ಲಿ ಬರೆದ ಪಠ್ಯವೂ ಪಿಡಿಎಫ್ ಆಗುವಾಗ ಒತ್ತಕ್ಷರಗಳ ಕ್ರಮ ಕೆಟ್ಟು, ಕಾಪಿ ಮಾಡಿದರೆ ಚೂರುಚೂರಾಗಿ ಬರುವುದಿದೆ. ಜೊತೆಗೆ ಅದೇ ಆದೇಶದ ಪಠ್ಯವನ್ನು ವೆಬ್ ಪುಟವಾಗಿಯೂ ಹಾಕಿಸಿದರೆ ನಾಗರಿಕರಿಗೆ ಪರಿವರ್ತಕದ ಹಂಗೇ ಬೇಕಾಗುವುದಿಲ್ಲ.

ಪರೀಕ್ಷಾ ಪಟ್ಟಿ ಸಿದ್ಧಪಡಿಸಲು ಇಲಾಖೆ ಕರೆದರೆ, ನನ್ನ ಬಳಿ ಸೇರಿರುವ ತಪ್ಪುಗಳ ಮಾದರಿಗಳೊಂದಿಗೆ ಬಂದು ಕೂರಲು ನಾನು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಕನ್ನಡ ಕಡತಗಳ ಪರಿವರ್ತನೆಯ ಕೆಲಸದಲ್ಲಿರುವ ಒಬ್ಬ ನಾಗರಿಕ