ಕೋನ್ ನೋಡಿ ದೇಶ ಹೇಳೋರಿಗೆ
ಪುಣೆ ಗುಂಪಿನ ಎಲ್ರಿಗೂ, ರಸ್ತೆ ಫೋಟೋ ನೋಡಿ ಯಾವ ದೇಶ ಅಂತ ಊಹಿಸೋ ನಮ್ಮ ಆಟದಲ್ಲಿ, ನಿನ್ನೆ ಫೋಟೋದಲ್ಲಿ ಕಿತ್ತಳೆ ಕೋನ್, ಕಿತ್ತಳೆ ವೆಸ್ಟ್ ಕಂಡ ತಕ್ಷಣ ಅಮೆರಿಕಾ ಅಂತ ಅರ್ಧ ಜನ ಬರೆದ್ರಿ. ಅಂಥ ಕೋನ್ ನಮ್ಮ ಕೋಥರೂಡಲ್ಲೂ ಸಿಗುತ್ತೆ ಕಣ್ರೋ, ವೆಸ್ಟೂ ಅಷ್ಟೇ, ಕಿತ್ತಳೆ ಹಳದಿ ಎರಡೂ ಎಲ್ಲಾ ಕಡೆ ಇರುತ್ತೆ. ನೋಡಬೇಕಾಗಿದ್ದು ಬ್ಯಾರಿಕೇಡಿನ ಪಟ್ಟೆ. ಅಮೆರಿಕಾದಲ್ಲಿ ರಸ್ತೆ ಕೆಲಸ ನಡೀತಿದ್ರೆ ಪಟ್ಟೆ ಕಿತ್ತಳೆ-ಬಿಳಿ, ಕೆಂಪು-ಬಿಳಿ ಇದ್ರೆ ಸಾಮಾನ್ಯವಾಗಿ ರಸ್ತೆ ಅಲ್ಲಿಗೇ ಮುಗೀತು ಅಂತ. ನಿನ್ನೆದ್ರಲ್ಲಿ ಉದ್ದುದ್ದ ನಿಂತ ಹಲಗೆ ಮೇಲೆ ಓರೆ ಕೆಂಪು-ಬಿಳಿ ಪಟ್ಟೆ ಸಾಲಾಗಿ ಇತ್ತು, ಅದು ಜರ್ಮನಿ ಕಡೆ ಸ್ಟೈಲ್, ಆದ್ರೆ ಆಸ್ಟ್ರಿಯಾದಲ್ಲೂ ಹಂಗೇ ಇರೋದ್ರಿಂದ ನಂಬರ್ ಪ್ಲೇಟ್ ಝೂಮ್ ಮಾಡಿ, ಮೇಲೆ ಕೆಳಗೆ ತೆಳು ಕೆಂಪು ಗೆರೆ ಇದ್ರೆ ಆಸ್ಟ್ರಿಯಾ, ಇಲ್ಲಾಂದ್ರೆ ಜರ್ಮನಿ ಹಾಕಿ. ಇನ್ನು ಕಪ್ಪೆ, ಮಂಗನ ಆಕಾರದ ಪ್ಲಾಸ್ಟಿಕ್ ಸ್ಟ್ಯಾಂಡ್‌ಗಳು ಪೈಪ್ ಹಿಡ್ಕೊಂಡು ನಿಂತಿದ್ರೆ ಯೋಚ್ನೆ ಮಾಡ್ಬೇಡಿ, ಜಪಾನ್.